ಮೂರು ಇಂಚು ಒಳಗೆ, ಅರ್ಧ ಇಂಚು ಹೊರಗೆ

ಮೊನ್ನೆ ಆದಿತ್ಯವಾರ ನಮ್ಮ ಮನೆಯಲ್ಲಿ ಒಂದು ಪ್ಯಾಂಟಿನ ವಿಷಯಕ್ಕೆ ಮೂರು ತಲೆಮಾರಿನ ಜಗಳ ಆಯಿತು. ಮಗ ಈ ಜೂನ್‌ಗೆ ಎಂಟನೇ ಕ್ಲಾಸು. ಯೂನಿಫಾರ್ಮ್ ತರಬೇಕು. ಅಮ್ಮ ಹೇಳಿದ್ದು, "ನಾಲ್ಕು ಇಂಚು ದೊಡ್ಡದೇ ತಾ. ಹುಡುಗ ಬಿದಿರಿನ ಹಾಗೆ ಏಳ್ತಾ ಇದ್ದಾನೆ, ಎರಡು ವರ್ಷ ಬರಬೇಕಲ್ಲ." ಮಗ ಹೇಳಿದ್ದು, "ಅಜ್ಜಿ, ನಾನು ಹಾಗೆ ಹೋದ್ರೆ ಎಲ್ರೂ ನಗಾಡ್ತಾರೆ. ನಂಗೆ ಕರೆಕ್ಟ್ ಸೈಜೇ ಬೇಕು." ನಾನು ಇಬ್ಬರ ನಡುವೆ.

ಸಭೆಗಳಲ್ಲಿ ಮಾತಾಡುವ ನನಗೆ ಇದಕ್ಕೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಇಬ್ಬರ ಮಾತೂ ಸರಿ ಅನ್ನಿಸಿತು. ಇದು ಬರೇ ಬಟ್ಟೆಯ ಲೆಕ್ಕ ಅಲ್ಲ ಅಂತ ನಮ್ಮಂಥ ಮನೆಗಳಿಂದ ಬಂದವರಿಗೆ ಹೇಳಬೇಕಾಗಿಲ್ಲ. ಆದರೆ ಬಟ್ಟೆಯ ಲೆಕ್ಕವೂ ಹೌದು. ಅದನ್ನು ಸರಿಯಾಗಿ ಮಾಡದೆ ಸ್ವಾಭಿಮಾನದ ಮಾತು ಮಾತ್ರ ಆಡಿದರೆ ಕೈಯಲ್ಲಿರುವ ದುಡ್ಡು ಹೋಗ್ತದೆ, ಇಲ್ಲದಿದ್ದರೆ ಮಗುವಿನ ಮುಖ ಬಾಡ್ತದೆ.

ಮೊದಲು ನನ್ನ ಲಂಗದ ಕಥೆ ಹೇಳ್ತೇನೆ.

ಅಮ್ಮ ಬೀಡಿ ಕಟ್ಟುತ್ತಿದ್ದರು. ಅಪ್ಪನ ದುಡಿಮೆ ಮಳೆಗಾಲದಲ್ಲಿ ನಿಂತೇ ಹೋಗುತ್ತಿತ್ತು. ಹಾಗಾಗಿ ಐದನೇ ಕ್ಲಾಸಿಗೆ ಹೊಲಿಸಿದ ನೀಲಿ ಲಂಗ ಏಳನೇ ಕ್ಲಾಸು ಮುಗಿಯುವವರೆಗೆ ಬರಬೇಕಿತ್ತು. ಸೊಂಟಕ್ಕೆ ಸೇಫ್ಟಿ ಪಿನ್ನು, ಕೆಳಗೆ ದೊಡ್ಡ ಮಡಿಕೆ. ಪ್ರತಿ ಜೂನ್‌ನಲ್ಲಿ ಅಮ್ಮ ಒಂದು ಮಡಿಕೆ ಬಿಚ್ಚುತ್ತಿದ್ದರು. ಬಿಚ್ಚಿದ ಕಡೆ ಹಳೆ ಅಂಚಿನ ಬಿಳಿ ಗೆರೆ. ಗೆರೆಯ ಮೇಲಿನ ಬಟ್ಟೆ ಮಾಸಿದ ನೀಲಿ, ಕೆಳಗಿನದ್ದು ಹೊಸ ನೀಲಿ. ಏಳನೇ ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಹುಡುಗಿ ಬಗ್ಗಿ ನನ್ನ ಲಂಗದ ಗೆರೆ ಎಣಿಸಿ, "ನಿನ್ನ ಲಂಗಕ್ಕೆ ಮೂರು ವರ್ಷ ಆಯ್ತು ಅಲ್ವಾ?" ಅಂದಳು. ಅವಳು ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಆದರೆ ಆ ದಿನದಿಂದ ನಾನು ಬೋರ್ಡಿನ ಹತ್ತಿರ ಹೋಗುವಾಗ ಪುಸ್ತಕವನ್ನು ಮೊಣಕಾಲಿನ ಮುಂದೆ ಹಿಡಿದುಕೊಂಡೇ ಹೋದೆ. ಮೇಷ್ಟ್ರು ಲೆಕ್ಕ ಮಾಡಲು ಕರೆದರೆ ಗೊತ್ತಿದ್ದರೂ ಗೊತ್ತಿಲ್ಲ ಅಂದದ್ದುಂಟು.

1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿ ಸೀರೆಯ ಬಗ್ಗೆ ಮಾತಾಡಿದ್ದು ನನಗೆ ಯಾಕೆ ಅಷ್ಟು ತಾಗಿತು ಅಂದರೆ ಇದಕ್ಕೇ. ಸೀರೆಯನ್ನು ಮೇಲಕ್ಕೆ ಕಟ್ಟಿ ಉಡುವ ರೀತಿಯೇ ನೀವು ಯಾರು ಅಂತ ದೂರದಿಂದ ಹೇಳ್ತದೆ, ಆ ಗುರುತನ್ನು ಬಿಡಿ ಅಂದರು ಅವರು. ಬಟ್ಟೆಗೆ ತೇಪೆ ಇದ್ದರೂ ಪರವಾಗಿಲ್ಲ, ಸ್ವಚ್ಛವಾಗಿರಲಿ ಅಂದರು. ಆ ಸಮ್ಮೇಳನದಲ್ಲೇ ಹೆಂಗಸರು ಸೀರೆಯನ್ನು ಕೆಳಗಿಳಿಸಿ ಉಟ್ಟು ಬಂದರು. ಬಟ್ಟೆ ಎಲ್ಲಿಗೆ ನಿಲ್ಲಬೇಕು ಅನ್ನುವುದು ನಮ್ಮಲ್ಲಿ ಯಾವತ್ತೂ ಚಿಕ್ಕ ಪ್ರಶ್ನೆ ಆಗಿರಲಿಲ್ಲ.

ಹಾಗಂತ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಬೀಡಿಯ ದುಡ್ಡಲ್ಲಿ ಅವರು ಮಾಡಿದ್ದು ದೊಡ್ಡ ಕೆಲಸ. ಮೊನ್ನೆಯ ಜಗಳದ ದಿನ ರಾತ್ರಿ ನಾನು ಯೋಚನೆ ಮಾಡಿದ್ದು ಇಷ್ಟೇ: ಅಮ್ಮನ ಉಳಿತಾಯವನ್ನೂ ಇಟ್ಟುಕೊಂಡು, ಆ ಗೆರೆಯನ್ನು ಮಾತ್ರ ತೆಗೆಯಲಿಕ್ಕೆ ಆಗ್ತದಾ?

ಮರುದಿನ ಸಂಜೆ ಮಗನನ್ನು ಕರೆದುಕೊಂಡು ನಮ್ಮ ಟೈಲರಣ್ಣನ ಹತ್ತಿರ ಹೋದೆ. ಕುಲಶೇಖರ ಚರ್ಚಿನಿಂದ ಸ್ವಲ್ಪ ಕೆಳಗೆ, ಒಂದೇ ಶಟರಿನ ಅಂಗಡಿ. ಮೂವತ್ತು ವರ್ಷದಿಂದ ಅವರು ಸುತ್ತಲಿನ ಶಾಲೆಗಳ ಮಕ್ಕಳಿಗೆ ಹೊಲಿದವರು. ನಾನು, "ಅಣ್ಣಾ, ಎಷ್ಟು ಉದ್ದ ಬಿಡಬೇಕು?" ಅಂತ ಕೇಳಿದೆ.

ಅವರು ಟೇಪ್ ತೆಗೆಯಲೇ ಇಲ್ಲ. "ಅಕ್ಕ, ಹುಡುಗ ಕಳೆದ ವರ್ಷ ಎಷ್ಟು ಬೆಳೆದಿದ್ದಾನೆ? ಅದು ಹೇಳಿ ಮೊದಲು. ಅದು ಗೊತ್ತಿಲ್ಲದೆ ಎಷ್ಟು ಬಿಡಬೇಕು ಅಂತ ನಾನು ಹೇಗೆ ಹೇಳುದು?" ಅಂದರು.

ಪುಣ್ಯಕ್ಕೆ ನಮ್ಮಲ್ಲಿ ಲೆಕ್ಕ ಇತ್ತು. ಮಗ ಸಣ್ಣವನಿರುವಾಗಿನಿಂದ ನನ್ನ ಗಂಡ ಅಡುಗೆ ಕೋಣೆಯ ಬಾಗಿಲಿನ ದಾರಂದದಲ್ಲಿ ಪೆನ್ಸಿಲಿನಿಂದ ಗೀಟು ಹಾಕುತ್ತಾರೆ. ಹಿಮ್ಮಡಿ ದಾರಂದಕ್ಕೆ ತಾಗಿರಬೇಕು, ತಲೆಯ ಮೇಲೆ ಗಟ್ಟಿ ಪುಸ್ತಕ ಅಡ್ಡ ಇಟ್ಟು ಗೀಟು. ಅದೂ ಬೆಳಿಗ್ಗೆಯೇ. ಸಂಜೆ ಹೊತ್ತಿಗೆ ಮನುಷ್ಯ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರ್ತಾನೆ, ಒಮ್ಮೆ ಬೆಳಿಗ್ಗೆ ಒಮ್ಮೆ ಸಂಜೆ ಅಳೆದರೆ ಲೆಕ್ಕ ತಪ್ಪುತ್ತದೆ. ಕಳೆದ ಜೂನ್‌ನಲ್ಲಿ 146 ಸೆಂಟಿಮೀಟರ್ ಇದ್ದವನು ಡಿಸೆಂಬರ್‌ನಲ್ಲಿ 149.5, ಈ ಮೇನಲ್ಲಿ 154. ಹನ್ನೊಂದು ತಿಂಗಳಲ್ಲಿ 8 ಸೆಂಟಿಮೀಟರ್. ಅದರಲ್ಲೂ ಮೊದಲ ಆರು ತಿಂಗಳಲ್ಲಿ ಮೂರೂವರೆ, ಆಮೇಲಿನ ಐದು ತಿಂಗಳಲ್ಲಿ ನಾಲ್ಕೂವರೆ. ಅಂದರೆ ವೇಗ ಇನ್ನೂ ಏರ್ತಾ ಉಂಟು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಪ್ರಾಥಮಿಕ ಶಾಲೆಯ ವಯಸ್ಸಿನಲ್ಲಿ ಮಗು ವರ್ಷಕ್ಕೆ ಹೆಚ್ಚುಕಡಿಮೆ 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. ಹರೆಯಕ್ಕೆ ಬರುವಾಗ ಅದು ಏರಿ ಹುಡುಗಿಯರಲ್ಲಿ ವರ್ಷಕ್ಕೆ ಸುಮಾರು 8, ಹುಡುಗರಲ್ಲಿ ಸುಮಾರು 9 ಸೆಂಟಿಮೀಟರ್ ವರೆಗೂ ಹೋಗ್ತದೆ. ಹುಡುಗಿಯರಿಗೆ ಇದು ಸಾಮಾನ್ಯವಾಗಿ 11-12ರ ವಯಸ್ಸಿಗೆ, ಹುಡುಗರಿಗೆ 13-14ಕ್ಕೆ. ಈ ಹೊತ್ತಿನಲ್ಲಿ ಮೊದಲು ಉದ್ದ ಆಗುವುದು ಕಾಲು. ಬೆನ್ನು, ಎದೆ, ಭುಜ ಆಮೇಲೆ ಬರ್ತದೆ. ಅದಕ್ಕೇ ಶರ್ಟು ಸರಿಯಾಗಿಯೇ ಇರ್ತದೆ, ಪ್ಯಾಂಟು ಮಾತ್ರ ಮೇಲೆ ಹೋಗಿ ಸಾಕ್ಸ್ ಕಾಣುತ್ತದೆ. ಅಮ್ಮಂದಿರು ಪ್ಯಾಂಟು ಗಿಡ್ಡ ಆಯ್ತು ಅಂತ ಶರ್ಟನ್ನೂ ಎರಡು ಸೈಜು ದೊಡ್ಡದು ತರುವುದು ಇದು ಗೊತ್ತಿಲ್ಲದ್ದರಿಂದ.

ಇನ್ನು ಎತ್ತರದ ಲೆಕ್ಕವನ್ನು ಪ್ಯಾಂಟಿನ ಲೆಕ್ಕ ಮಾಡುವುದು. ಸೊಂಟದಿಂದ ಕಾಲಿನ ಗಂಟಿನವರೆಗಿನ ಉದ್ದ ಒಟ್ಟು ಎತ್ತರದಲ್ಲಿ ಸುಮಾರು ನೂರಕ್ಕೆ ಅರುವತ್ತು ಪಾಲು. ಹಾಗಾದರೆ ಹುಡುಗ ಮುಂದಿನ ಹತ್ತು ತಿಂಗಳಲ್ಲಿ 8 ಸೆಂಟಿಮೀಟರ್ ಬೆಳೆದರೆ ಪ್ಯಾಂಟಿಗೆ ಬೇಕಾದ್ದು 5 ಸೆಂಟಿಮೀಟರಿಗೆ ಸ್ವಲ್ಪ ಕಮ್ಮಿ, ಅಂದರೆ ಎರಡು ಇಂಚು. ಅಮ್ಮ ಹೇಳಿದ ನಾಲ್ಕು ಇಂಚು ಅಲ್ಲ, ಮಗ ಹೇಳಿದ ಸೊನ್ನೆಯೂ ಅಲ್ಲ. ವರ್ಷಕ್ಕೆ 5 ಸೆಂಟಿಮೀಟರ್ ಬೆಳೆಯುವ ಸಣ್ಣ ಮಗುವಾದರೆ ಒಂದೂಕಾಲು ಇಂಚು ಸಾಕು.

ನಾನು ಹೇಳಿದ ಲೆಕ್ಕ ಕೇಳಿ ಟೈಲರಣ್ಣ ಟೇಪ್ ತೆಗೆದರು. ಸೊಂಟದಿಂದ ಗಂಟಿಗೆ ಮೂವತ್ತಾರೂವರೆ ಇಂಚು. "ಎರಡು ಇಂಚು ಬೇಕು, ನಾವು ಎರಡೂವರೆ ಇಟ್ಟುಕೊಳ್ಳುವ. ಆದ್ರೆ ಹೊರಗೆ ನೇತಾಡಲಿಕ್ಕೆ ಅರ್ಧ ಇಂಚು ಮಾತ್ರ. ಬಾಕಿದ್ದು ಒಳಗೆ," ಅಂದರು.

ಅವರು ಕಟ್ ಮಾಡಿದ್ದು ಒಟ್ಟು 40 ಇಂಚು ಉದ್ದಕ್ಕೆ. ಹೊರಗೆ ಕಾಣುವುದು 37, ಅಂದರೆ ಗಂಟಿಗಿಂತ ಅರ್ಧ ಇಂಚು ಕೆಳಗೆ, ಶೂವಿನ ಮೇಲೆ ಚಂದಕ್ಕೆ ಕೂರ್ತದೆ. ಉಳಿದ 3 ಇಂಚು ಒಳಗೆ ಮಡಿಕೆ. ಕೊನೆಗೆ ಎಷ್ಟು ಇಳಿಸಿದರೂ ಅಂಚು ನಿಲ್ಲಲಿಕ್ಕೆ ಒಂದು ಇಂಚು ಒಳಗಿರಲೇಬೇಕು. ಹಾಗಾಗಿ ನಿಜವಾಗಿ ಇಳಿಸಲಿಕ್ಕೆ ಸಿಗುವುದು 2 ಇಂಚು. 37 ಇದ್ದದ್ದು 39ಕ್ಕೆ ಬರ್ತದೆ. ಹುಡುಗ ಹತ್ತು ಸೆಂಟಿಮೀಟರ್ ಬೆಳೆದರೂ ಸಾಕಾಗ್ತದೆ.

ನೋಡಿ, ಇದರಲ್ಲೇ ಉಂಟು ಗುಟ್ಟು. ಎರಡೂವರೆ ಇಂಚನ್ನು ಹೊರಗೇ ಬಿಟ್ಟರೆ ಜೂನ್‌ನಲ್ಲಿ ಹುಡುಗ ಪ್ಯಾಂಟಿನ ಅಂಚನ್ನು ತುಳಿದುಕೊಂಡು ನಡೀತಾನೆ. ಮಂಗಳೂರಿನ ಮಳೆಯಲ್ಲಿ ಆ ಅಂಚು ಕೆಸರು ಕುಡಿದು, ಶೂವಿನ ಹಿಮ್ಮಡಿಯಡಿ ಸಿಕ್ಕಿ, ಆಗಸ್ಟ್‌ನೊಳಗೆ ನೂಲು ನೂಲಾಗುತ್ತದೆ. ಉಳಿಸಲಿಕ್ಕೆ ಅಂತ ಬಿಟ್ಟ ಬಟ್ಟೆಯೇ ಮೊದಲು ಹಾಳು. ಅದೇ ಬಟ್ಟೆ ಒಳಗಿದ್ದರೆ ಹೊಸದಾಗಿ ಉಳಿಯುತ್ತದೆ.

"ಗೆರೆ ಬರ್ತದಲ್ಲ ಅಣ್ಣ?" ಅಂತ ಕೇಳಿದೆ. ನನಗೆ ಕೇಳಬೇಕಾಗಿದ್ದ ನಿಜವಾದ ಪ್ರಶ್ನೆ ಇದೇ ಆಗಿತ್ತು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳ್ತೇನೆ. ಗೆರೆ ಬರುವುದು ಎರಡು ಕಾರಣಕ್ಕೆ. ಮಡಿಕೆಯ ಅಂಚು ಶೂಗೆ, ಕಾಲಿಗೆ ಉಜ್ಜಿ ಉಜ್ಜಿ ಬಣ್ಣ ಬಿಡ್ತದೆ. ಮತ್ತೆ ಹೊರಗಿನ ಬಟ್ಟೆ ಬಿಸಿಲಿಗೆ, ಸೋಪಿಗೆ ಮಾಸುತ್ತದೆ, ಒಳಗಿನದ್ದು ಮಾಸುವುದಿಲ್ಲ. ಒಂದಿಡೀ ವರ್ಷ ಒಂದೇ ಅಂಚಿನಲ್ಲಿ ಹಾಕಿದರೆ ಉಜ್ಜಿಹೋದ ಗೆರೆ ಮತ್ತೆ ಹೋಗುವುದೇ ಇಲ್ಲ, ಯಾವ ಇಸ್ತ್ರಿಗೂ ಬಗ್ಗುವುದಿಲ್ಲ. ನಾಲ್ಕು ತಿಂಗಳಿಗೆ ಒಮ್ಮೆ ಇಳಿಸಿದರೆ ಅದು ಬರೇ ಮಡಿಕೆಯ ಗುರುತು ಆಗಿರ್ತದೆ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿದ್ದರಲ್ಲಿ ಬಟ್ಟೆ ಒದ್ದೆ ಮಾಡಿ, ಗುರುತಿನ ಮೇಲಿಟ್ಟು ಇಸ್ತ್ರಿ ಹಾಕಿದರೆ ಬಹುಪಾಲು ಹೋಗ್ತದೆ. ಮೊದಲು ಒಳಗಿನ ಕಡೆ ಸ್ವಲ್ಪ ಜಾಗದಲ್ಲಿ ಹಾಕಿ ನೋಡಬೇಕು, ಬಣ್ಣ ಬಿಡುವ ಬಟ್ಟೆಯೂ ಇರ್ತದೆ.

ಹಾಗಾಗಿ ಎರಡು ಇಂಚನ್ನು ಒಮ್ಮೆಲೇ ಬಿಚ್ಚುವುದಲ್ಲ. ದಸರಾ ರಜೆಯಲ್ಲಿ ಒಂದು ಇಂಚು, ಆಮೇಲೆ ಜನವರಿ ಹೊತ್ತಿಗೆ ಇನ್ನೊಂದು ಇಂಚು. ಅಂಚನ್ನು ಮೆಷಿನ್‌ನಲ್ಲಿ ಗಟ್ಟಿ ಹೊಲಿಯಬಾರದು, ಕೈಯಲ್ಲಿ ಹೆಮ್ಮಿಂಗ್ ಮಾಡಬೇಕು. ಮೆಷಿನ್ ಸೂಜಿಯ ತೂತುಗಳೂ ಸಾಲಾಗಿ ಕಾಣುತ್ತವೆ. ಒಳಗೆ ಹಿಮ್ಮಡಿಯ ಕಡೆ ಅಂಚಿಗೆ ಒಂದು ಸಣ್ಣ ಪಟ್ಟಿ ಕೊಟ್ಟರೆ ಶೂ ಉಜ್ಜುವುದು ಆ ಪಟ್ಟಿಗೆ, ಪ್ಯಾಂಟಿಗಲ್ಲ. ನಮ್ಮ ಟೈಲರಣ್ಣ ಸೀರೆ ಫಾಲ್‌ನ ತುಂಡು ಹಾಕಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಮತ್ತೆ ಒಣಗಿಸುವುದು ಯಾವತ್ತೂ ಒಳಮೈ ಹೊರಗೆ ಮಾಡಿ. ಕಡು ನೀಲಿ ಬಟ್ಟೆ ಬಿಸಿಲಿಗೆ ಬೇಗ ಸೋಲ್ತದೆ.

ನನ್ನ ಅಮ್ಮ ವರ್ಷಕ್ಕೊಮ್ಮೆ ಬಿಚ್ಚಿದ್ದನ್ನು ವರ್ಷಕ್ಕೆ ಎರಡು ಸಲ ಬಿಚ್ಚಿದ್ದರೆ ಆ ಗೆರೆಗಳು ಅಷ್ಟು ಎದ್ದು ಕಾಣುತ್ತಿರಲಿಲ್ಲವೇನೋ. ಆದರೆ ದಿನಕ್ಕೆ ಸಾವಿರ ಬೀಡಿ ಕಟ್ಟುವವರಿಗೆ ಅಷ್ಟು ಪುರುಸೊತ್ತು ಎಲ್ಲಿತ್ತು?

ಶರ್ಟಿಗೆ ಲೆಕ್ಕ ಬೇರೆ. ಭುಜದಲ್ಲಿ ಹೆಚ್ಚು ಬಿಡಲೇಬಾರದು. ತೋಳಿನ ಹೊಲಿಗೆ ಭುಜದ ಮೂಳೆಗಿಂತ ಅರ್ಧ ಇಂಚಿಗಿಂತ ಕೆಳಗೆ ಇಳಿದರೆ ಅದು ಅಣ್ಣನ ಶರ್ಟು ಅಂತ ಯಾರು ಬೇಕಾದರೂ ಹೇಳ್ತಾರೆ. ಎದೆಯ ಸುತ್ತಳತೆಯಲ್ಲಿ ಒಂದು ಸೈಜು, ಅಂದರೆ ಎರಡು ಇಂಚು ಹೆಚ್ಚು ಸಾಕು. ಆದರೆ ಶರ್ಟಿನ ಉದ್ದದಲ್ಲಿ ಧಾರಾಳ ಎರಡು ಇಂಚು ಹೆಚ್ಚು ತೆಗೆದುಕೊಳ್ಳಬಹುದು, ಯಾಕೆಂದರೆ ಅದು ಇನ್‌ಶರ್ಟ್ ಮಾಡಿದಾಗ ಪ್ಯಾಂಟಿನ ಒಳಗೇ ಇರ್ತದೆ, ಯಾರಿಗೂ ಕಾಣುವುದಿಲ್ಲ. ಅಂಗಡಿಯಲ್ಲೇ ಮಗುವಿನ ಎರಡೂ ಕೈ ಮೇಲೆ ಎತ್ತಿಸಿ ನೋಡಿ. ಶರ್ಟು ಹೊರಗೆ ಬಂದರೆ ಉದ್ದ ಸಾಲದು ಅಂತ ಲೆಕ್ಕ.

ಇದಕ್ಕೆಲ್ಲ ಒಂದು ಮಿತಿ ಉಂಟು. ಅದನ್ನೂ ಟೈಲರಣ್ಣನೇ ಹೇಳಿದ್ದು. "ಉದ್ದ ಎಷ್ಟು ಬೇಕಾದ್ರೂ ಒಳಗೆ ಅಡಗಿಸಬಹುದು ಅಕ್ಕ. ಸೊಂಟಕ್ಕೂ ಹಿಂದಿನ ಹೊಲಿಗೆಯಲ್ಲಿ ಮಾರ್ಜಿನ್ ಕೊಡಬಹುದು. ಸೀಟ್ ಗಿಡ್ಡ ಆದ್ರೆ ಮಾತ್ರ ಏನೂ ಮಾಡ್ಲಿಕ್ಕೆ ಆಗುದಿಲ್ಲ." ಸೀಟ್ ಅಂದರೆ ಮುಂದಿನ ಸೊಂಟಪಟ್ಟಿಯಿಂದ ಕಾಲಿನ ಸಂದಿಯಾಗಿ ಹಿಂದಿನ ಸೊಂಟಪಟ್ಟಿಗೆ ಬರುವ ಅಳತೆ. ಹುಡುಗ ಕುಕ್ಕರಗಾಲಿನಲ್ಲಿ ಕೂತಾಗ ಪ್ಯಾಂಟು ಹಿಂದೆ ಕೆಳಗೆ ಜಾರಿದರೆ, ಸಂದಿಯ ಹೊಲಿಗೆ ಮತ್ತೆ ಮತ್ತೆ ಬಿಟ್ಟರೆ, ಅದು ಸೀಟ್ ಸಾಲದೆ ಬಂದದ್ದು. ಆ ಪ್ಯಾಂಟಿನ ಅಂಚನ್ನು ಇಳಿಸಿ ಪ್ರಯೋಜನ ಇಲ್ಲ, ಅದರ ಆಯುಷ್ಯ ಮುಗಿಯಿತು. ಅದಕ್ಕೇ ಹೊಲಿಸುವಾಗಲೇ ಸೀಟ್‌ನಲ್ಲಿ ಸ್ವಲ್ಪ ಸಡಿಲ ಇಡಿಸಬೇಕು.

ಕೆಲವು ಶಾಲೆಗಳಲ್ಲಿ ಬಟ್ಟೆ ಕೊಡುವುದಿಲ್ಲ, ರೆಡಿಮೇಡೇ ತೆಗೆದುಕೊಳ್ಳಬೇಕು. ಅಂಥಾ ಕಡೆ ಬಿಲ್ ಮಾಡಿಸುವ ಮೊದಲು ಪ್ಯಾಂಟನ್ನು ತಿರುಗಿಸಿ ಅಂಚಿನ ಒಳಗೆ ಎಷ್ಟು ಬಟ್ಟೆ ಉಂಟು ಅಂತ ನೋಡಿ. ಹೆಚ್ಚಿನದರಲ್ಲಿ ಒಂದೇ ಇಂಚು ಇರ್ತದೆ, ಇಳಿಸಲಿಕ್ಕೆ ಏನೂ ಸಿಗುವುದಿಲ್ಲ. ಆಗ ಉದ್ದದಲ್ಲಿ ಎರಡು ಇಂಚು ದೊಡ್ಡ ನಂಬರ್ ತೆಗೆದುಕೊಂಡು, ಹೆಚ್ಚಿನದನ್ನು ಕತ್ತರಿಸದೆ ಟೈಲರ್ ಹತ್ತಿರ ಒಳಗೆ ಮಡಚಿಸಿ, ಸೊಂಟವನ್ನು ಹಿಂದಿನ ಹೊಲಿಗೆಯಲ್ಲಿ ಹಿಡಿಸಿ. ನಾಲ್ಕು ಇಂಚು ದೊಡ್ಡದು ತಂದರೆ ತೊಡೆ, ಸೀಟು ಎಲ್ಲ ಚೀಲದ ಹಾಗೆ ಆಗ್ತದೆ. ಮಡಚಿ ಸರಿ ಮಾಡ್ಲಿಕ್ಕೆ ಬರುವುದು ಉದ್ದ ಮಾತ್ರ.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತು. ಹುಡುಗಿ ದೊಡ್ಡವಳಾಗುವ ಮೊದಲಿನ ಒಂದು ವರ್ಷವೇ ಅತಿ ವೇಗದ ವರ್ಷ. ಆ ಹೊತ್ತಿಗೆ ಎರಡು ಇಂಚು ಬೇಕೇ ಬೇಕು. ದೊಡ್ಡವಳಾದ ಮೇಲೆ ವೇಗ ಇಳಿಯುತ್ತದೆ, ಸಾಮಾನ್ಯವಾಗಿ ಎಲ್ಲ ಸೇರಿ ಇನ್ನು 5ರಿಂದ 7 ಸೆಂಟಿಮೀಟರ್ ಬೆಳೆಯುವುದು. ಆಮೇಲೂ "ಬೆಳೀತಾಳೆ" ಅಂತ ದೊಗಲೆ ಚೂಡಿದಾರ ಹೊಲಿಸಿದರೆ ಅದು ಅವಳು ಹತ್ತನೇ ಕ್ಲಾಸು ಮುಗಿಸುವಾಗಲೂ ದೊಗಲೆಯಾಗಿಯೇ ಇರ್ತದೆ. ಪಿನಾಫೋರ್ ಆದರೆ ಅಂಚಿನಲ್ಲಿ ಮಾತ್ರ ಬಿಟ್ಟರೆ ಸಾಲದು. ಬೆನ್ನು ಉದ್ದ ಆದಂತೆ ಸೊಂಟದ ಪಟ್ಟಿ ಮೇಲೆ ಪಕ್ಕೆಗೆ ಹೋಗಿ ಕೂರುತ್ತದೆ. ಭುಜದ ಹೊಲಿಗೆಯಲ್ಲೂ ಒಂದು ಇಂಚು ಇರಲಿ.

ಎಷ್ಟು ಜೊತೆ ಅನ್ನುವುದು ಕೊನೆಯ ಪ್ರಶ್ನೆ. ನಮ್ಮ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಪ್ಯಾಂಟು ಒಣಗಲಿಕ್ಕೆ ಎರಡು ದಿನ ಬೇಕು. ಎರಡೇ ಜೊತೆ ಇದ್ದರೆ ಮಗು ಹಸಿ ಬಟ್ಟೆ ಹಾಕಿಕೊಂಡೇ ಹೋಗ್ತದೆ. ಹಾಗಂತ ವೇಗವಾಗಿ ಬೆಳೆಯುವ ಮಗುವಿಗೆ ಮೂರು ಹೊಸ ಜೊತೆ ಒಮ್ಮೆಲೇ ಮಾಡಿಸಿದರೆ ಲೆಕ್ಕ ತಪ್ಪಿದಾಗ ಮೂರೂ ಒಟ್ಟಿಗೆ ಗಿಡ್ಡ ಆಗ್ತವೆ. ನಾವು ಮಾಡಿದ್ದು ಹೀಗೆ: ಈಗ ಎರಡು ಹೊಸತು, ಮಳೆಗಾಲಕ್ಕೆ ಮೂರನೆಯದಾಗಿ ಕಳೆದ ವರ್ಷದ್ದು. ದಸರಾದಲ್ಲಿ ದಾರಂದದ ಗೀಟು ನೋಡಿಕೊಂಡು ಆಗಿನ ಅಳತೆಗೆ ಇನ್ನೊಂದು ಹೊಲಿಸುವುದು. ಆ ಮೂರನೆಯದು ಮುಂದಿನ ಜೂನ್‌ಗೂ ಬರ್ತದೆ.

ಕಳೆದ ವರ್ಷದ ಪ್ಯಾಂಟು ತೆಗೆದಾಗ ಮಗನ ಮುಖ ನೋಡಬೇಕಿತ್ತು. ಅದರಲ್ಲಿ ಒಳಗೆ ಇದ್ದದ್ದು ಒಂದೇ ಇಂಚು. ಹೊರಗೆ ಒಂದೂವರೆ ಇಂಚು ಗಿಡ್ಡ. ಟೈಲರಣ್ಣ ಒಳಗಿನದ್ದನ್ನು ಪೂರ್ತಿ ಬಿಚ್ಚಿ, ಕೆಳಗೆ ಬೇರೆ ತುಂಡು ಒಳಪಟ್ಟಿ ಕೊಟ್ಟರು. ಆಗಲೂ ಅರ್ಧ ಇಂಚು ಗಿಡ್ಡವೇ. ಮತ್ತೆ ಅದರಲ್ಲಿ ಗೆರೆ ಇತ್ತು. ಒಂದಿಡೀ ವರ್ಷದ ಗೆರೆ. ವಿನೆಗರ್‌ಗೂ ಹೋಗಲಿಲ್ಲ. ಮಗ ಅದನ್ನು ಕೈಯಲ್ಲಿ ಹಿಡಿದು, "ಅಮ್ಮ, ಇದು ಬೇಡ," ಅಂದ. ಅಷ್ಟೇ. ನನಗೆ ನನ್ನ ನೀಲಿ ಲಂಗ ಕಣ್ಣೆದುರಿಗೆ ಬಂತು. ನಾನು ಒತ್ತಾಯ ಮಾಡಲಿಲ್ಲ. ಆ ಪ್ಯಾಂಟು ಈಗ ಮನೆಯಲ್ಲಿ ಹಾಕಲಿಕ್ಕೆ. ಮಳೆಗಾಲಕ್ಕೆ ಮೂರನೆಯದನ್ನೂ ಈಗಲೇ ಹೊಲಿಸಿದೆ, ದಸರಾದ್ದು ಆಮೇಲೆ ನೋಡುವ. ಲೆಕ್ಕದ ಪ್ರಕಾರ ಇದು ತಪ್ಪು. ಆದರೂ ಹೊಲಿಸಿದೆ.

ಇಷ್ಟನ್ನೂ ನಾನು ಮಾಡಲಿಕ್ಕಾದದ್ದು ಟೈಲರ್‌ಗೆ ಕೊಡಲು ಕೈಯಲ್ಲಿ ದುಡ್ಡಿದ್ದ ಕಾರಣ. ನನ್ನ ತಂಗಿಯ ಮಗಳು ಸರ್ಕಾರಿ ಶಾಲೆಗೆ ಹೋಗುವವಳು. ವಿದ್ಯಾವಿಕಾಸ ಯೋಜನೆಯ ಬಟ್ಟೆ ಬರ್ತದೆ, ಆದರೆ ಬಟ್ಟೆಯ ಲೆಕ್ಕ ಮಗು ಯಾವ ತರಗತಿ ಅಂತ ನೋಡಿ, ಮಗು ಎಷ್ಟು ಎತ್ತರ ಅಂತ ನೋಡಿ ಅಲ್ಲ. ಅವಳು ಕ್ಲಾಸಿಗೆಲ್ಲ ಎತ್ತರದವಳು. ಬಂದ ಬಟ್ಟೆಯಲ್ಲಿ ಒಳಗೆ ಮಡಚಲಿಕ್ಕೆ ಒಂದು ಇಂಚೂ ಮಿಗಲಿಲ್ಲ. ಎರಡನೇ ಜೊತೆ ಬೇಕು ಅಂತ ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಪರವಾಗಿ ಹೈಕೋರ್ಟಿಗೆ ಹೋಗಬೇಕಾಯಿತು. 2019ರಲ್ಲಿ ಎರಡು ಜೊತೆ ಸಮವಸ್ತ್ರ, ಶೂ, ಸಾಕ್ಸ್ ಕೊಡಿ ಅಂತ ಕೋರ್ಟು ಹೇಳಿತು. ಆದೇಶ ಸರಿಯಾಗಿ ಪಾಲನೆ ಆಗಲಿಲ್ಲ ಅಂತ 2023ರಲ್ಲಿ ನ್ಯಾಯಾಂಗ ನಿಂದನೆಯ ವಿಚಾರಣೆಯೂ ನಡೆಯಿತು. ಎಷ್ಟು ಜೊತೆ ಅನ್ನುವುದು ಕೋರ್ಟಿನವರೆಗೆ ಹೋಗಿದೆ. ಎಷ್ಟು ಉದ್ದ ಅನ್ನುವುದನ್ನು ನಾವು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಾದರೂ ಕೇಳಬೇಕು. ಮಾರ್ಚ್‌ನಲ್ಲೇ ಮಕ್ಕಳ ಎತ್ತರ ಅಳೆದು ಪಟ್ಟಿ ಮಾಡಲಿ. ಎತ್ತರದ ಮಗುವಿಗೆ ಮೇಲಿನ ತರಗತಿಯ ಅಳತೆಯ ಬಟ್ಟೆ ಕೊಡಲಿ. ನಿಮ್ಮಲ್ಲಿ ಸಮಿತಿಯಲ್ಲಿ ಇರುವವರು ತುಂಬಾ ಜನ ಇದ್ದೀರಿ, ಮುಂದಿನ ಸಭೆಯಲ್ಲಿ ಇದನ್ನು ಎತ್ತಿ.

ನಿನ್ನೆ ಹೊಸ ಪ್ಯಾಂಟು ಬಂತು. ಮಗ ಹಾಕಿಕೊಂಡು ಕನ್ನಡಿ ಮುಂದೆ ನಿಂತ. ಅಮ್ಮ ಬಗ್ಗಿ ಅಂಚನ್ನು ತಿರುಗಿಸಿ, ಒಳಗಿನ ಮೂರು ಇಂಚನ್ನು ಬೆರಳಿನಲ್ಲಿ ಅಳೆದರು. "ಉಂಟಲ್ಲ ಇಲ್ಲಿ! ಹೊರಗೆ ಗೊತ್ತೇ ಆಗುದಿಲ್ಲ," ಅಂದರು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು ಆಮೇಲೆ ನನ್ನನ್ನು ನೋಡಿ, "ನಿನ್ನದಕ್ಕೂ ಹೀಗೆ ಮಾಡಬಹುದಿತ್ತು ಮಗಾ. ನಂಗೆ ಗೊತ್ತಿರ್ಲಿಲ್ಲ," ಅಂದರು.

ಲಂಗದ ಗೆರೆ ನನಗೆ ಮಾತ್ರ ನೆನಪಿದೆ ಅಂತ ಇಷ್ಟು ವರ್ಷ ನಾನು ತಿಳಿದುಕೊಂಡಿದ್ದೆ.

ಜೈ ಭೀಮ್.